ಎರಡು ತಾಸಿನ ಪಾಠದಲ್ಲಿ ಆ ನಾಲ್ಕು ನಿಮಿಷ ಎಲ್ಲಿದೆ?

ಕಲಬುರಗಿಯ ಒಂದು ಕೋಚಿಂಗ್ ಕ್ಲಾಸಿಗೆ ಪಾಠದ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಕ್ಯಾಮೆರಾ ಇಡುವುದು, ಎಡಿಟ್ ಮಾಡುವುದು, ಯೂಟ್ಯೂಬಿಗೆ ಏರಿಸುವುದು ಎಲ್ಲ ನನ್ನದೇ. ಒಂದು ಸಂಜೆ ಸೇಡಂ ಕಡೆಯ ಹುಡುಗನೊಬ್ಬ ಫೋನ್ ಮಾಡಿದ.

"ಸರ್, 371ಜೆ ವಿಡಿಯೊ ನೋಡ್ಲಿಕತ್ತೀನ್ರಿ. ಸರ್ಟಿಫಿಕೇಟ್ ಹ್ಯಾಂಗ ತಗೋಬೇಕು ಅನ್ನೋದು ಎಲ್ಲಿ ಬರ್ತದ್ರಿ?"

"ಅದರಾಗೇ ಅದ ನೋಡ್ರಿ, ಒಂದು ತಾಸಿನ ಮ್ಯಾಲೆ ಬರ್ತದ."

"ಎಳದು ಎಳದು ನೋಡಿದೆ ಸರ್, ಸಿಗವಲ್ದು. ನೆಟ್ ಬ್ಯಾರೆ ಮುಗೀಲಿಕತ್ತದ."

371ಜೆ ಎಂದರೆ ನಮ್ಮ ಭಾಗದ ಜಿಲ್ಲೆಗಳವರಿಗೆ ನೌಕರಿ ಮತ್ತು ಕಾಲೇಜು ಸೀಟಿನಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ಆ ವಿಡಿಯೊ 1 ತಾಸು 52 ನಿಮಿಷದ್ದು. ಅವನಿಗೆ ಬೇಕಾಗಿದ್ದ ನಾಲ್ಕು ನಿಮಿಷದ ಮಾತು ಅದರಲ್ಲಿತ್ತು. ಮಾಸ್ತರರು ಚೆನ್ನಾಗಿಯೇ ಹೇಳಿದ್ದರು. ಕೆಳಗೆ ನಾನು ಸಮಯದ ಪಟ್ಟಿಯನ್ನೂ ಬರೆದಿದ್ದೆ. ಆದರೆ ಆ ಪಟ್ಟಿ ಯಾರಿಗೂ ಉಪಯೋಗ ಇರಲಿಲ್ಲ. ಅದು ಹೀಗಿತ್ತು:

```
0:45 ಸ್ವಾಗತ
4:20 ಭಾಗ 1
31:40 ಭಾಗ 2
1.02.15 ಮುಖ್ಯ ವಿಷಯ
1:34:00 ಪ್ರಶ್ನೋತ್ತರ
```

ಈ ಐದು ಸಾಲಿನಲ್ಲಿ ಎರಡು ಬಗೆಯ ತಪ್ಪುಗಳಿವೆ. ಒಂದು ಬಗೆಯ ತಪ್ಪಿನಿಂದ ಚಾಪ್ಟರ್‌ಗಳು ಹುಟ್ಟುವುದೇ ಇಲ್ಲ. ಇನ್ನೊಂದರಿಂದ ಹುಟ್ಟಿದರೂ ಹುಡುಕಿದವರಿಗೆ ಸಿಗುವುದಿಲ್ಲ. ಮೊದಲನೆಯದನ್ನು ಸರಿಮಾಡಲು ಐದು ನಿಮಿಷ ಸಾಕು. ಎರಡನೆಯದಕ್ಕೆ ತಲೆ ಓಡಿಸಬೇಕು.

ಮೊದಲು ಸುಲಭದ್ದು ನೋಡೋಣ. ವಿಡಿಯೊ ಕೆಳಗಿನ ಡಿಸ್ಕ್ರಿಪ್ಶನ್‌ನಲ್ಲಿ ಒಂದು ಸಾಲಿಗೆ ಒಂದರಂತೆ ಸಮಯ, ಅದರ ಮುಂದೆ ಹೆಸರು ಬರೆದರೆ ಯೂಟ್ಯೂಬ್ ಅದನ್ನು ಓದಿ ವಿಡಿಯೊ ಓಡುವ ಗೆರೆಯನ್ನು ತುಂಡು ತುಂಡು ಮಾಡಿ ತೋರಿಸುತ್ತದೆ. ಆ ತುಂಡುಗಳೇ ಚಾಪ್ಟರ್. ಅದಕ್ಕೆ ಕೆಲವು ಷರತ್ತುಗಳಿವೆ. ಮೊದಲ ಸಾಲು 0:00 ಇಂದಲೇ ಶುರುವಾಗಬೇಕು. ಕಡಿಮೆ ಎಂದರೆ ಮೂರು ಸಮಯಗಳಿರಬೇಕು. ಅವು ಹಿಂದುಮುಂದಾಗದೆ ಏರುತ್ತಾ ಹೋಗಬೇಕು. ಒಂದೊಂದು ಚಾಪ್ಟರೂ 10 ಸೆಕೆಂಡಿಗಿಂತ ಚಿಕ್ಕದಿರಬಾರದು. ನನ್ನ ಪಟ್ಟಿ 0:45ಕ್ಕೆ ಶುರುವಾಗಿತ್ತು, ಅಲ್ಲಿಗೇ ಕಥೆ ಮುಗಿಯಿತು. "ಮೊದಲ ಮುಕ್ಕಾಲು ನಿಮಿಷ ಬರೀ ಮೈಕ್ ಸದ್ದು, ಅದಕ್ಕೇನು ಹೆಸರು ಕೊಡೋದು" ಎಂದು ಬಿಟ್ಟಿದ್ದೆ. ಹೆಸರು ಏನೇ ಇರಲಿ, 0:00 ಇರಲೇಬೇಕು.

ಇಲ್ಲಿ ನಾನು ಮೋಸ ಹೋಗಿದ್ದು ನೀಲಿ ಬಣ್ಣ ನೋಡಿ. ಡಿಸ್ಕ್ರಿಪ್ಶನ್‌ನಲ್ಲಿ 4:20 ಎಂದು ಬರೆದರೆ ಅದು ತಾನಾಗಿಯೇ ನೀಲಿ ಲಿಂಕ್ ಆಗುತ್ತದೆ, ಒತ್ತಿದರೆ ಅಲ್ಲಿಗೇ ಹೋಗುತ್ತದೆ. ಅದನ್ನು ನೋಡಿ ಚಾಪ್ಟರ್ ಆಯಿತು ಎಂದುಕೊಂಡೆ. ಆಗಿರಲಿಲ್ಲ. ಲಿಂಕ್ ಆಗುವುದಕ್ಕೆ ಷರತ್ತಿಲ್ಲ, ಚಾಪ್ಟರ್ ಆಗುವುದಕ್ಕೆ ಇದೆ. ವಿಡಿಯೊ ಓಡುವಾಗ ಕೆಳಗಿನ ಕೆಂಪು ಗೆರೆಯನ್ನು ನೋಡಿ. ಅದರಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ, ಸಮಯದ ಪಕ್ಕ ಚಾಪ್ಟರಿನ ಹೆಸರು ಕಂಡರೆ ಆಗಿದೆ. ಗೆರೆ ಒಂದೇ ಉದ್ದಕ್ಕೆ ಇದ್ದರೆ ಪಟ್ಟಿಯಲ್ಲಿ ಎಲ್ಲೋ ತಪ್ಪಿದೆ.

ಒಂದೇ ಸಾಲು ತಪ್ಪಿದರೂ ಇಡೀ ಪಟ್ಟಿಯೇ ಮಾಯವಾಗಬಹುದು. 1:02:15 ಎನ್ನುವುದನ್ನು ಅವಸರದಲ್ಲಿ 1:20:15 ಎಂದು ಬರೆದಿರೆನ್ನಿ. ಮುಂದಿನ ಸಾಲು 1:19:50 ಇದ್ದರೆ ಕ್ರಮ ತಪ್ಪಿತು. ನನ್ನ ಹಾಗೆ ಚುಕ್ಕೆ ಹಾಕಿ 1.02.15 ಎಂದು ಬರೆದರೆ ಅದು ಸಮಯವೇ ಅಲ್ಲ. ನಡುವೆ ಎರಡು ಚುಕ್ಕೆಯ ವಿಸರ್ಗದಂಥ ಗುರುತೇ ಬೇಕು. ಅಂಕಿಯೂ ಕೀಬೋರ್ಡಿನ ಮಾಮೂಲಿ 0 ಇಂದ 9ರವರೆಗಿನದೇ ಇರಲಿ, ಕನ್ನಡ ಅಂಕಿಯ ಮೇಲಿನ ಅಭಿಮಾನವನ್ನು ಹೆಸರಿನಲ್ಲಿ ತೋರಿಸಿದರಾಯಿತು. ಕೋಚಿಂಗ್ ಕ್ಲಾಸಿನವರಿಗೆ ಮಾತ್ರ ಬರುವ ಇನ್ನೊಂದು ತೊಡಕಿದೆ. ಡಿಸ್ಕ್ರಿಪ್ಶನ್‌ನಲ್ಲಿ "ಹೊಸ ಬ್ಯಾಚ್ ಬೆಳಿಗ್ಗೆ 10:30ಕ್ಕೆ" ಎಂದು ಜಾಹೀರಾತು ಬರೆದಿರುತ್ತೇವೆ. ಆ 10:30 ಕೂಡ ನೀಲಿಯಾಗುತ್ತದೆ. ಯಾರೋ ಅದನ್ನು ಒತ್ತಿ ಪಾಠದ ಮಧ್ಯಕ್ಕೆ ಹೋಗಿ ಬೀಳುತ್ತಾರೆ. ಪಟ್ಟಿಯ ಕ್ರಮ ಕೆಡುವ ಅಪಾಯವೂ ಇದೆ. "ಬೆಳಿಗ್ಗೆ ಹತ್ತೂವರೆಗೆ" ಎಂದು ಬರೆದುಬಿಡಿ, ತಂಟೆಯೇ ಇಲ್ಲ.

ಇದೆಲ್ಲ ಸರಿಮಾಡಿ ಚಾಪ್ಟರ್ ಬಂತು. ಆದರೂ ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಆ ನಾಲ್ಕು ನಿಮಿಷ ಮೇಲೆ ಬರಲಿಲ್ಲ. ಯಾಕೆ ಬರುತ್ತದೆ? ಅದರ ಹೆಸರು "ಮುಖ್ಯ ವಿಷಯ" ಎಂದಿತ್ತು!

ಗೂಗಲ್ ಹುಡುಕಾಟದಲ್ಲಿ ಕೆಲವು ವಿಡಿಯೊಗಳ ಕೆಳಗೆ ಸಣ್ಣ ಸಣ್ಣ ತುಣುಕುಗಳು, ಒಂದೊಂದಕ್ಕೂ ಸಮಯ ಮತ್ತು ಹೆಸರು ಕಾಣುವುದನ್ನು ನೀವು ನೋಡಿರಬಹುದು. ಅಲ್ಲಿ ಅದನ್ನು Key moments ಎನ್ನುತ್ತಾರೆ. ಒಂದನ್ನು ಒತ್ತಿದರೆ ವಿಡಿಯೊ ನೇರ ಅಲ್ಲಿಂದಲೇ ಶುರುವಾಗುತ್ತದೆ. ಯೂಟ್ಯೂಬ್ ವಿಡಿಯೊ ಆದರೆ ಗೂಗಲ್ ಆ ಹೆಸರು ಮತ್ತು ಸಮಯವನ್ನು ನಮ್ಮ ಡಿಸ್ಕ್ರಿಪ್ಶನ್‌ನಿಂದಲೇ ತೆಗೆದುಕೊಳ್ಳಬಹುದು. ನಾವು ಬರೆಯದಿದ್ದರೆ ಅದು ತಾನೇ ಊಹಿಸಿ ತುಂಡು ಮಾಡುವುದೂ ಉಂಟು. ನಮ್ಮ ಕಡೆಯ ಪಾಠದಲ್ಲಿ ಕನ್ನಡ, ಇಂಗ್ಲಿಷ್, ನಡುನಡುವೆ ಉರ್ದು ಎಲ್ಲ ಬೆರೆತಿರುತ್ತದೆ. ಅದನ್ನು ಯಂತ್ರದ ಊಹೆಗೆ ಬಿಡಲು ನನಗಂತೂ ಧೈರ್ಯವಿಲ್ಲ. ನಾವೇ ಸರಿಯಾದ ಪಟ್ಟಿ ಬರೆದರೆ ಯೂಟ್ಯೂಬ್ ತನ್ನ ಊಹೆಯನ್ನು ಬಿಟ್ಟು ನಮ್ಮದನ್ನೇ ಹಿಡಿಯುತ್ತದೆ. ಆದರೆ ಬರೆದ ಮಾತ್ರಕ್ಕೆ ಗೂಗಲ್ ತೋರಿಸಿಯೇ ತೋರಿಸುತ್ತದೆ ಎಂದಲ್ಲ. ತೋರಿಸುವುದು ಬಿಡುವುದು ಅದರ ಇಷ್ಟ. ಯಾರಾದರೂ ದುಡ್ಡು ತೆಗೆದುಕೊಂಡು "ಗ್ಯಾರಂಟಿ ಬರಿಸಿಕೊಡ್ತೀವಿ" ಅಂದರೆ ನಂಬಬೇಡಿ.

ನಮ್ಮ ಕೈಯಲ್ಲಿರುವುದು ಎರಡೇ: ಹೆಸರು ಮತ್ತು ಸಮಯ.

ಹೆಸರಿನ ವಿಷಯದಲ್ಲಿ ನಾನು ಕಲಿತದ್ದು ಇಷ್ಟು. ಪಾಠ ಮಾಡುವವರ ಕಡೆಯಿಂದ ಹೆಸರು ಬರೆದರೆ "ಭಾಗ 1", "ಪೀಠಿಕೆ", "ಮುಖ್ಯ ವಿಷಯ" ಎಂದಾಗುತ್ತದೆ. ಮಾಸ್ತರರ ನೋಟ್ಸಿನಲ್ಲಿ ಅದು ಸರಿ. ಅವರಿಗೆ ಭಾಗ 2 ಎಂದರೆ ಏನೆಂದು ಗೊತ್ತು. ಫೋನ್ ಹಿಡಿದು ಹುಡುಕುವ ಹುಡುಗನಿಗೆ ಭಾಗ ಗೊತ್ತಿಲ್ಲ, ಅವನಿಗೆ ಗೊತ್ತಿರುವುದು ತನ್ನ ಪ್ರಶ್ನೆ ಮಾತ್ರ. ಅವನು "371j certificate" ಎಂದು ಟೈಪ್ ಮಾಡುತ್ತಾನೆ, ಇಲ್ಲವೇ "371j pramana patra hege" ಎಂದು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾನೆ. ಅವನ ಪ್ರಶ್ನೆಯಲ್ಲಿನ ಮಾತು ನಮ್ಮ ಹೆಸರಿನಲ್ಲಿ ಇರಬೇಕು.

ಹಾಗಾಗಿ ನಾನು ಹೆಸರು ಬರೆಯುವ ಮೊದಲು ವಿಡಿಯೊ ಮುಂದೆ ಕೂರುವುದಿಲ್ಲ. ಕ್ಲಾಸಿನ ವಾಟ್ಸಾಪ್ ಗುಂಪು ತೆಗೆಯುತ್ತೇನೆ. ಪಾಠದ ಹಿಂದಿನ ವಾರ ಮತ್ತು ಮುಂದಿನ ವಾರ ಹುಡುಗರು ಏನು ಕೇಳಿದ್ದಾರೆ ಎಂದು ನೋಡುತ್ತೇನೆ. 371ಜೆ ಬಗ್ಗೆ ಅಲ್ಲಿ ಕೇಳಿದ್ದು ಸಂವಿಧಾನದ ತಾತ್ವಿಕ ಮಾತಲ್ಲ. ಗ್ರೂಪ್ ಸಿ ಹುದ್ದೆಗೆ ಎಷ್ಟು ಪರ್ಸೆಂಟ್, ಎಸಿ ಆಫೀಸಿನಲ್ಲಿ ಏನು ಕೊಡಬೇಕು, ಡಿಗ್ರಿ ಸೀಟಿಗೂ ಇದು ಆಗುತ್ತದಾ ಎಂಬಂಥವು. ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ವಿಡಿಯೊ ಹಾಕಿ ಉತ್ತರ ಎಲ್ಲಿದೆ ಎಂದು ಹುಡುಕುತ್ತೇನೆ. ಪಾಠ ನೋಡುತ್ತಾ ಹೆಸರು ಇಡುವುದಕ್ಕೂ, ಪ್ರಶ್ನೆ ಕೈಯಲ್ಲಿ ಹಿಡಿದು ಪಾಠ ನೋಡುವುದಕ್ಕೂ ಬಹಳ ವ್ಯತ್ಯಾಸ ಇದೆ.

"371J" ಎನ್ನುವುದನ್ನು ನಾನು ಹೆಸರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟೆ, ಉಳಿದದ್ದು ಕನ್ನಡದಲ್ಲಿ. ಅರ್ಜಿಯಲ್ಲೂ ನೋಟಿಫಿಕೇಶನ್‌ನಲ್ಲೂ ಹುಡುಗರು ನೋಡುವುದು ಹಾಗೇ, ಟೈಪ್ ಮಾಡುವುದೂ ಹಾಗೇ. ಆದರೆ ಒಂದೇ ಹೆಸರಿನಲ್ಲಿ ಕನ್ನಡ, ಇಂಗ್ಲಿಷ್, ಕಂಗ್ಲಿಷ್ ಮೂರನ್ನೂ ತುರುಕಬೇಡಿ. ಫೋನಿನ ಪರದೆಯಲ್ಲಿ ಉದ್ದ ಹೆಸರು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಅದಕ್ಕೇ ಮುಖ್ಯ ಮಾತು ಮೊದಲು ಬರಲಿ. "ನಮ್ಮ ಸರ್ ತುಂಬಾ ಸರಳವಾಗಿ ವಿವರಿಸಿದ ಪ್ರಮಾಣಪತ್ರ" ಎಂದು ಬರೆದರೆ ಪ್ರಮಾಣಪತ್ರ ಕಾಣುವ ಹೊತ್ತಿಗೆ ಜಾಗ ಮುಗಿದಿರುತ್ತದೆ.

ಇನ್ನೊಂದು ಸಣ್ಣ ಸೂಕ್ಷ್ಮ. ಉತ್ತರವನ್ನೇ ಹೆಸರಾಗಿ ಬರೆಯಬೇಕೋ, ಪ್ರಶ್ನೆಯನ್ನೋ? ನನ್ನ ಮಟ್ಟಿಗೆ ಪ್ರಶ್ನೆ ಒಳ್ಳೆಯದು. ಮಾಸ್ತರರು ಪಾಠದಲ್ಲಿ 371ಜೆ ಆರು ಜಿಲ್ಲೆಗಳಿಗೆ ಎಂದೇ ಹೇಳಿದ್ದರು: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಬಳ್ಳಾರಿಯನ್ನು ಒಡೆದು 2021ರಲ್ಲಿ ವಿಜಯನಗರ ಜಿಲ್ಲೆ ಮಾಡಿದ ಮೇಲೆ ಏಳು ಎನ್ನಬೇಕು. ನಾನು "ಆರು ಜಿಲ್ಲೆಗಳು" ಎಂದು ಹೆಸರಿಟ್ಟಿದ್ದರೆ ಹುಡುಕಾಟದಲ್ಲಿ ಹಳೇ ಲೆಕ್ಕವೇ ಕಾಣುತ್ತಿತ್ತು. "ಯಾವ ಜಿಲ್ಲೆಗಳಿಗೆ ಸಿಗುತ್ತದೆ" ಎಂದು ಇಟ್ಟರೆ ಆ ತೊಂದರೆ ಇಲ್ಲ. ಏಳನೆಯದರ ಬಗ್ಗೆ ಡಿಸ್ಕ್ರಿಪ್ಶನ್‌ನಲ್ಲೇ ಒಂದು ಸಾಲು ಸೇರಿಸಿದೆ.

ಈಗ ಸಮಯ. ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಸ್ಲೈಡ್ ಬದಲಾದ ಕಡೆ ಗುರುತು ಹಾಕಿ ಮುಗಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. 1:02:15ಕ್ಕೆ ಪರದೆಯ ಮೇಲೆ "ಅರ್ಹತಾ ಪ್ರಮಾಣಪತ್ರ" ಎಂಬ ಸ್ಲೈಡ್ ಬರುತ್ತದೆ. ಆದರೆ ಅಷ್ಟರಲ್ಲಿ ಕರೆಂಟ್ ಹೋಗಿ ಬಂತು. ಫ್ಯಾನ್ ನಿಂತಿತು, ಹಿಂದಿನ ಬೆಂಚಿನವರು ಗದ್ದಲ ಮಾಡಿದರು, ಮಾಸ್ತರರು "ಸುಮ್ನ ಕೂಡ್ರಿಪಾ" ಎಂದರು, ಚಹಾದ ಮಾತು ಬಂತು. ಉತ್ತರ ಶುರುವಾಗುವುದು 1:03:38ಕ್ಕೆ: "ನೋಡ್ರಿ, ಈ ಸರ್ಟಿಫಿಕೇಟ್ ಕೊಡೋರು ಅಸಿಸ್ಟೆಂಟ್ ಕಮಿಷನರ್ರು." ಗೂಗಲ್‌ನಿಂದ ನೇರ ಬಂದವನು 1:02:15ಕ್ಕೆ ಇಳಿದರೆ ಅವನಿಗೆ ಕಾಣುವುದು ಒಂದು ನಿಮಿಷ 23 ಸೆಕೆಂಡಿನ ಗದ್ದಲ. ಅವನು ಕಾಯುತ್ತಾನಾ? ಹಿಂದಕ್ಕೆ ಹೋಗಿ ಬೇರೆ ವಿಡಿಯೊ ಒತ್ತುತ್ತಾನೆ, ಅಲ್ವಾ.

ಅದಕ್ಕೆ ಗುರುತು ಹಾಕಬೇಕಾದ್ದು ಉತ್ತರದ ಮೊದಲ ವಾಕ್ಯಕ್ಕೆ, ಅದಕ್ಕಿಂತ ಎರಡು ಸೆಕೆಂಡ್ ಮುಂಚೆ. ಸರಿಯಾಗಿ ಮಾತಿನ ಮೇಲೇ ಇಟ್ಟರೆ ಮೊದಲ ಪದ ಕತ್ತರಿಸಿದ ಹಾಗೆ ಕೇಳುತ್ತದೆ. ಹಾಗಾಗಿ 1:03:36.

ಇದೇ ಪಾಠದಲ್ಲಿ ಇನ್ನೊಂದು ಬಲೆ ಇತ್ತು. 48ನೇ ನಿಮಿಷದಲ್ಲಿ ಹುಡುಗಿಯೊಬ್ಬಳು ಪ್ರಮಾಣಪತ್ರದ ಬಗ್ಗೆಯೇ ಕೇಳುತ್ತಾಳೆ. ಮಾಸ್ತರರು ಅರ್ಧ ನಿಮಿಷ ಏನೋ ಹೇಳಿ "ಅದು ಮುಂದ ಬರ್ತದವ್ವ, ಬರಕೊಂಡು ಇಟ್ಕೋ" ಎನ್ನುತ್ತಾರೆ. ಓಡಿಸಿ ಓಡಿಸಿ ನೋಡುವಾಗ ಪ್ರಮಾಣಪತ್ರ ಎಂಬ ಮಾತು ಮೊದಲು ಕಿವಿಗೆ ಬೀಳುವುದು ಅಲ್ಲೇ. ಅಲ್ಲಿ ಗುರುತು ಹಾಕಿದರೆ ಕೆಟ್ಟಿತು. ವಿಷಯದ ಹೆಸರು ಮೊದಲು ಬಂದ ಜಾಗ ಮತ್ತು ವಿಷಯ ಬಿಚ್ಚಿ ಹೇಳಿದ ಜಾಗ ಒಂದೇ ಆಗಿರಬೇಕೆಂದಿಲ್ಲ. ಪಾಠದ ವಿಡಿಯೊದಲ್ಲಂತೂ ಇದು ಜಾಸ್ತಿ, ಯಾಕೆಂದರೆ ಮಾಸ್ತರರು ಮುಂದಿನದನ್ನು ಮೊದಲೇ ಸೂಚಿಸಿ, ಹಿಂದಿನದನ್ನು ಮತ್ತೆ ನೆನಪಿಸುತ್ತಾ ಹೋಗುತ್ತಾರೆ.

ಸಮಯ ಹಿಡಿಯುವ ಕೆಲಸ ಕಂಪ್ಯೂಟರಿನಲ್ಲಿ ಬೇಗ ಆಗುತ್ತದೆ. ಮೊದಲ ಸುತ್ತು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಹಾಳೆಯ ಮೇಲೆ ಸುಮಾರು ಸಮಯ ಗೀಚಿಕೊಳ್ಳುತ್ತೇನೆ. ಎರಡನೇ ಸುತ್ತಿನಲ್ಲಿ ಆ ಜಾಗಗಳಿಗೆ ಮಾತ್ರ ಹೋಗುತ್ತೇನೆ. ಯೂಟ್ಯೂಬಿನಲ್ಲಿ J ಒತ್ತಿದರೆ 10 ಸೆಕೆಂಡ್ ಹಿಂದಕ್ಕೆ, L ಒತ್ತಿದರೆ 10 ಸೆಕೆಂಡ್ ಮುಂದಕ್ಕೆ, K ಒತ್ತಿದರೆ ನಿಲ್ಲುತ್ತದೆ. ಮಾತು ಶುರುವಾಗುವ ಜಾಗದಲ್ಲಿ ನಿಲ್ಲಿಸಿ, ವಿಡಿಯೊ ಮೇಲೆ ಮೌಸಿನ ಬಲ ಗುಂಡಿ ಒತ್ತಿ Copy video URL at current time ಆರಿಸಿದರೆ ಸೆಕೆಂಡ್ ಸಹಿತ ಲಿಂಕ್ ಸಿಗುತ್ತದೆ. ಅದರ ಕೊನೆಯಲ್ಲಿ t=3816 ಎಂದಿದ್ದರೆ, 3600 ಕಳೆದರೆ ಉಳಿದದ್ದು 216, ಅಂದರೆ 3 ನಿಮಿಷ 36 ಸೆಕೆಂಡ್. 1:03:36 ಸರಿಯಾಗಿದೆ. ಎರಡು ತಾಸಿನ ಪಾಠಕ್ಕೆ ಎಲ್ಲ ಸೇರಿ ಒಂದೂವರೆ ತಾಸಿನ ಕೆಲಸ.

ಹೊಸ ಪಟ್ಟಿ ಹೀಗಾಯಿತು:

```
0:00 ಇಂದಿನ ತರಗತಿಯಲ್ಲಿ ಏನೇನಿದೆ
4:20 371J ಎಂದರೇನು, ಯಾಕೆ ಬಂತು
17:05 98ನೇ ತಿದ್ದುಪಡಿ ಮತ್ತು 2013ರ ಆದೇಶ
31:40 371J ಯಾವ ಜಿಲ್ಲೆಗಳಿಗೆ ಸಿಗುತ್ತದೆ
38:15 ಗ್ರೂಪ್ ಎ, ಬಿ, ಸಿ, ಡಿ ಮೀಸಲಾತಿ ಎಷ್ಟು
1:03:36 371J ಪ್ರಮಾಣಪತ್ರ ಪಡೆಯುವುದು ಹೇಗೆ
1:19:50 ಕಾಲೇಜು ಸೀಟಿಗೆ 371J ಮೀಸಲಾತಿ
1:34:00 ಹಳೇ ಪ್ರಶ್ನೆಪತ್ರಿಕೆಯ 371J ಪ್ರಶ್ನೆಗಳು
```

ಇದರಲ್ಲಿ 38:15ರ ಚಾಪ್ಟರ್ 25 ನಿಮಿಷದ್ದು. ಅಲ್ಲಿ ಮಾಸ್ತರರು ಹೈದರಾಬಾದ್ ಕರ್ನಾಟಕ ವೃಂದದಲ್ಲಿ ಗ್ರೂಪ್ ಸಿಗೆ ನೂರಕ್ಕೆ 80, ಗ್ರೂಪ್ ಡಿಗೆ 85 ಎಂದು ಹೇಳಿ, ಒಂದೊಂದಕ್ಕೂ ಲೆಕ್ಕ ಹಾಕಿ ತೋರಿಸುತ್ತಾರೆ. ಅದನ್ನು ನಾಲ್ಕಾಗಿ ಒಡೆಯಬಹುದಿತ್ತು. ಒಡೆಯಲಿಲ್ಲ, ಯಾಕೆಂದರೆ ಗ್ರೂಪ್ ಸಿ ಲೆಕ್ಕ ಅರ್ಥವಾಗಲು ಅದಕ್ಕೂ ಹಿಂದಿನ ಐದು ನಿಮಿಷ ಕೇಳಿರಬೇಕು. ನೇರ ಬಂದು ಇಳಿದವನಿಗೆ ಒಂದು ಚಾಪ್ಟರ್ ಅದರಷ್ಟಕ್ಕೇ ತಿಳಿಯಬೇಕು. ತಿಳಿಯದಿದ್ದರೆ ಅಲ್ಲಿ ಒಡೆಯಬಾರದು. ಕೆಲವರು ಎರಡು ತಾಸಿಗೆ 40 ಚಾಪ್ಟರ್ ಮಾಡುತ್ತಾರೆ. ಬೆರಳಲ್ಲಿ ಒತ್ತಲಿಕ್ಕೂ ಆಗದಷ್ಟು ಸಣ್ಣ ತುಂಡುಗಳು. ಪುಸ್ತಕದ ಕೊನೆಯ ಪದಸೂಚಿಯನ್ನು ತಂದು ಪರಿವಿಡಿಯ ಜಾಗದಲ್ಲಿ ಅಂಟಿಸಿದಂತೆ ಇರುತ್ತದೆ.

ಇನ್ನು ಎಲ್ಲ ಸರಿ ಬರೆದ ಮೇಲೂ ಪಟ್ಟಿ ಕೆಡುವ ಒಂದು ದಾರಿ ಇದೆ. ಅದು ನನಗೆ ಬೇರೆ ವಿಡಿಯೊದಲ್ಲಿ ಆಯಿತು. ಬಹಮನಿ ಇತಿಹಾಸದ ಮೇಲೆ ಒಂದು ಉಪನ್ಯಾಸ. 1347ರಲ್ಲಿ ರಾಜ್ಯ ಶುರುವಾಗಿ ಕಲಬುರಗಿ ರಾಜಧಾನಿಯಾದದ್ದು, ಕೋಟೆಯೊಳಗಿನ ಜಾಮಿ ಮಸೀದಿ, ರಾಜಧಾನಿ ಬೀದರಿಗೆ ಹೋದದ್ದು, ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, ಹೀಗೆ ಸಾಗುತ್ತದೆ. ಚಾಪ್ಟರ್ ಎಲ್ಲ ಬರೆದು ಹಾಕಿದೆ. ಎರಡು ದಿನ ಬಿಟ್ಟು ಸಂಘಟಕರು "ಮೊದಲಿನ ಸ್ವಾಗತ, ಹಾರ, ಶಾಲು ಎಲ್ಲ ತೆಗೀರಿ, ಬ್ಯಾಸರ ಆಗ್ತದ" ಎಂದರು. ಯೂಟ್ಯೂಬ್ ಸ್ಟುಡಿಯೊದ ಎಡಿಟರಿನಲ್ಲೇ ಮೊದಲ 6 ನಿಮಿಷ 20 ಸೆಕೆಂಡ್ ಕತ್ತರಿಸಿದೆ. ವಿಡಿಯೊ ಕಿರಿದಾಯಿತು. ಡಿಸ್ಕ್ರಿಪ್ಶನ್‌ನಲ್ಲಿ ಬರೆದ ಅಂಕಿಗಳು ಬರೀ ಅಕ್ಷರಗಳು, ಅವು ತಾವಾಗಿ ಬದಲಾಗುವುದಿಲ್ಲ. ಗವಾನ್ ಮದರಸಾ ಎಂಬ ಚಾಪ್ಟರ್ 1:10:00ಕ್ಕೆ ಇತ್ತು, ಆ ಮಾತು ಈಗ 1:03:40ಕ್ಕೆ ಬಂದುಬಿಟ್ಟಿತ್ತು. ಮದರಸಾ ಎಂದು ಒತ್ತಿದವರಿಗೆ ಗವಾನರ ಕೊಲೆಯ ಕಥೆ ಸಿಗುತ್ತಿತ್ತು. ಹೆಸರು ಸರಿ, ಕ್ರಮ ಸರಿ, ಕೆಂಪು ಗೆರೆಯಲ್ಲಿ ಬಿರುಕೂ ಇದೆ. ಮೇಲಿಂದ ನೋಡಿದರೆ ಏನೂ ತಪ್ಪಿಲ್ಲ.

ಇದನ್ನು ಪತ್ತೆ ಹಚ್ಚಲು ಮೊದಲ ಚಾಪ್ಟರ್ ಒತ್ತಿ ನೋಡಿದರೆ ಪ್ರಯೋಜನವಿಲ್ಲ. 0:00 ಯಾವಾಗಲೂ ಸರಿಯಾಗೇ ಇರುತ್ತದೆ. ನಡುವಿನದೊಂದು, ಕೊನೆಯದೊಂದು ಒತ್ತಿ ನೋಡಿ. ಎರಡೂ ಕಡೆ ಒಂದೇ ಅಂತರದಲ್ಲಿ ತಪ್ಪಿದ್ದರೆ ಕತ್ತರಿ ಬಿದ್ದದ್ದು ಶುರುವಿನಲ್ಲಿ. 0:00 ಬಿಟ್ಟು ಎಲ್ಲದರಿಂದಲೂ ಅಷ್ಟನ್ನೇ ಕಳೆಯಿರಿ. ನಡುವಿನದು ಸರಿ ಇದ್ದು ಕೊನೆಯದು ಮಾತ್ರ ತಪ್ಪಿದ್ದರೆ ಮಧ್ಯೆ ಎಲ್ಲೋ ಚಹಾದ ಬಿಡುವು ತೆಗೆದಿದ್ದೀರಿ. ಆ ಜಾಗದಿಂದ ಮುಂದಿನವನ್ನು ಮಾತ್ರ ತಿದ್ದಬೇಕು. ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನಿನಲ್ಲಿ ನೋಡಿ ಸಮಯ ಬರೆದುಕೊಳ್ಳುವವರಿಗೂ ಇದೇ ಗತಿ. ಅಲ್ಲಿಂದ ಹೊರಗೆ ತೆಗೆದ ಫೈಲಿನಲ್ಲಿ ಮುಂದೆ ಲೋಗೊ ಸೇರಿದರೆ ಎಲ್ಲವೂ ಅಷ್ಟು ಸೆಕೆಂಡ್ ಹಿಂದೆ ಬೀಳುತ್ತವೆ. ಲೈವ್ ಮಾಡಿದ ಪಾಠದಲ್ಲೂ ಶುರುವಿನ ಕಾಯುವ ಸಮಯ ಸೇರಿರುತ್ತದೆ. ಈಗ ನನ್ನ ನಿಯಮ ಒಂದೇ: ಕತ್ತರಿ ಕೆಲಸ ಪೂರ್ತಿ ಮುಗಿದು, ಯೂಟ್ಯೂಬಿಗೆ ಏರಿದ ವಿಡಿಯೊ ನೋಡಿಯೇ ಸಮಯ ಬರೆಯುವುದು.

ಪಾಠವನ್ನು ಯೂಟ್ಯೂಬಿಗೆ ಹಾಕದೆ ತಮ್ಮದೇ ವೆಬ್‌ಸೈಟಿನಲ್ಲಿ ಓಡಿಸುವ ಕಾಲೇಜುಗಳೂ ಇವೆ. ಅಲ್ಲಿ ಡಿಸ್ಕ್ರಿಪ್ಶನ್ ಎಂಬುದಿಲ್ಲ, ಹಾಗಾಗಿ ಪುಟದ ಕೋಡಿನೊಳಗೇ ಗೂಗಲ್‌ಗೆ ಹೇಳಬೇಕು. ವಿಡಿಯೊ ಬಗ್ಗೆ ಬರೆಯುವ `VideoObject` ಎಂಬ ಮಾಹಿತಿಯಲ್ಲಿ ಹೆಸರು, ಚಿತ್ರ, ಏರಿಸಿದ ದಿನಾಂಕ ಹೇಗೂ ಇರುತ್ತವೆ. ಅದರ ಒಳಗೆ ಒಂದೊಂದು ಚಾಪ್ಟರಿಗೂ ಒಂದು `Clip` ಸೇರಿಸುತ್ತಾರೆ:

```
"hasPart": [{
  "@type": "Clip",
  "name": "371J ಪ್ರಮಾಣಪತ್ರ ಪಡೆಯುವುದು ಹೇಗೆ",
  "startOffset": 3816,
  "endOffset": 4790,
  "url": "https://example.com/patha?t=3816"
}]
```

ಇಲ್ಲಿ ಸಮಯ ಸೆಕೆಂಡಿನ ಲೆಕ್ಕದಲ್ಲಿ. 4790 ಎಂದರೆ 1:19:50, ಮುಂದಿನ ಚಾಪ್ಟರ್ ಶುರುವಾಗುವ ಜಾಗ. ಒಂದೇ ಪುಟದಲ್ಲಿ ಒಂದೇ ವಿಡಿಯೊದ ಎರಡು ತುಣುಕಿಗೆ ಒಂದೇ ಶುರುವಿನ ಸಮಯ ಕೊಡುವಂತಿಲ್ಲ. ಹೆಚ್ಚಿನವರು ಎಡವುವುದು ಕೊನೆಯ ಸಾಲಿನಲ್ಲಿ. ಆ ಲಿಂಕನ್ನು ಬ್ರೌಸರಿನಲ್ಲಿ ಹಾಕಿದರೆ ವಿಡಿಯೊ ನಿಜವಾಗಿ 3816ನೇ ಸೆಕೆಂಡಿನಿಂದ ಓಡಬೇಕು. ಪ್ಲೇಯರಿಗೆ ಆ ಗುಣ ಇಲ್ಲದಿದ್ದರೆ ಕೋಡ್ ಎಷ್ಟು ಚೆಂದ ಬರೆದರೂ ವಿಡಿಯೊ ಶುರುವಿನಿಂದಲೇ ಓಡುತ್ತದೆ. ಮೊದಲು ಲಿಂಕ್ ಪರೀಕ್ಷಿಸಿ, ಆಮೇಲೆ ಕೋಡ್ ಬರೆಯಿಸಿ. ಕೋಡಿನಲ್ಲಿ ಅಲ್ಪವಿರಾಮ ತಪ್ಪಿದೆಯೇ ಎಂದು ನೋಡಲು ಗೂಗಲ್‌ನ Rich Results Test ಎಂಬ ಪುಟವಿದೆ. ಅದರಲ್ಲಿ ನಿಮ್ಮ ಪುಟದ ವಿಳಾಸ ಹಾಕಿದರೆ ಸಾಕು.

ಮತ್ತೆ ನಮ್ಮ 371ಜೆ ಪಾಠಕ್ಕೆ ಬರೋಣ. ಪಟ್ಟಿ ಬದಲಿಸಿದ ಮೇಲೆ ಕೆಲವು ವಾರ ಬಿಟ್ಟು ಸ್ಟುಡಿಯೊದ ಅನಾಲಿಟಿಕ್ಸ್ ತೆರೆದೆ. ಅಲ್ಲಿ ಜನ ಎಷ್ಟು ಹೊತ್ತು ನೋಡಿದರು ಎಂಬ ಗೆರೆಯ ಹೆಸರೂ Key moments for audience retention. ಗೂಗಲ್ ಹುಡುಕಾಟದ ಕೀ ಮೊಮೆಂಟ್ಸ್ ಬೇರೆ, ಇದು ಬೇರೆ. ಹೆಸರು ಒಂದೇ ಥರ ಇದೆ ಎಂದು ನಾನು ಮೊದಲು ಗಲಿಬಿಲಿಗೊಂಡಿದ್ದೆ. ಇದು ತೋರಿಸುವುದು ಯಾವ ಜಾಗದಲ್ಲಿ ಜನ ನಿಂತರು, ಎಲ್ಲಿ ಬಿಟ್ಟು ಹೋದರು ಎಂಬುದನ್ನು ಮಾತ್ರ. ಆ ಗೆರೆ ಸಾಮಾನ್ಯವಾಗಿ ಇಳಿಯುತ್ತಾ ಹೋಗುತ್ತದೆ. ನಡುವೆ ಎಲ್ಲಾದರೂ ಗುಡ್ಡದಂತೆ ಎದ್ದರೆ ಜನ ಅಲ್ಲಿಗೆ ಹಾರಿ ಬಂದಿದ್ದಾರೆ, ಇಲ್ಲವೇ ಮತ್ತೆ ಮತ್ತೆ ನೋಡಿದ್ದಾರೆ ಎಂದರ್ಥ.

1:03:36ರಲ್ಲಿ ಗುಡ್ಡ ಎದ್ದಿತ್ತು. ಅದು ನಿರೀಕ್ಷಿಸಿದ್ದೇ. ಆದರೆ 1:09ರ ಹತ್ತಿರ ಇನ್ನೊಂದು ಸಣ್ಣ ಗುಡ್ಡ ಇತ್ತು, ಅಲ್ಲಿ ನಾನು ಏನೂ ಗುರುತು ಹಾಕಿರಲಿಲ್ಲ. ಹೋಗಿ ನೋಡಿದರೆ ಮಾಸ್ತರರು ಬೋರ್ಡಿನ ಮೇಲೆ ಅರ್ಜಿಯ ಜೊತೆ ಇಡಬೇಕಾದ ಕಾಗದಗಳ ಪಟ್ಟಿ ಬರೆಯುತ್ತಿದ್ದರು. ಜನ ಅಲ್ಲಿ ನಿಲ್ಲಿಸಿ ಬರೆದುಕೊಳ್ಳುತ್ತಿದ್ದರು, ಹಿಂದಕ್ಕೆ ಎಳೆದು ಮತ್ತೆ ನೋಡುತ್ತಿದ್ದರು. ಯೂಟ್ಯೂಬ್ ಹುಡುಕಾಟದಿಂದ ಬಂದವರು ಏನು ಟೈಪ್ ಮಾಡಿದ್ದರು ಎಂಬ ಪಟ್ಟಿಯೂ ಅದೇ ಅನಾಲಿಟಿಕ್ಸ್‌ನಲ್ಲಿ ಸಿಗುತ್ತದೆ. ಅದರಲ್ಲೂ "371j documents" ಇತ್ತು. ಸೇಡಂ ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ಹೌದ್ರಿ ಸರ್, ನಾನೂ ಅಲ್ಲೇ ಸ್ಕ್ರೀನ್‌ಶಾಟ್ ತಗೊಂಡೀನಿ, ಆಧಾರ್ ಸಾಲು ಮಸುಕು ಬಂದದ" ಎಂದ.

ಅವತ್ತೇ ರಾತ್ರಿ ಪಟ್ಟಿಗೆ ಒಂದು ಸಾಲು ಸೇರಿಸಿದೆ:

```
1:09:10 371J ಅರ್ಜಿಗೆ ಯಾವ ದಾಖಲೆ ಬೇಕು
```